ಆರು ತಿಂಗಳು ಅಂತ ಯಾರು ಹೇಳಿದ್ದು?

ನನ್ನ ದೊಡ್ಡಪ್ಪನ ಮಗಳು ಹುಬ್ಬಳ್ಳಿಯಲ್ಲಿ ಫ್ರೀಲಾನ್ಸ್ ಡಿಸೈನರ್. ಅವಳ ಖಾತೆಗೆ ಕಳೆದ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಬಂದ ದುಡ್ಡು, ಸಾವಿರಗಳಲ್ಲಿ, ಹೀಗಿದೆ: 38, 12, 45, 30, 0, 9, 14, 60, 26, 18, 52, 35. ಒಟ್ಟು 3,39,000. ಅಂದ್ರೆ ತಿಂಗಳಿಗೆ ಸರಾಸರಿ 28,250.

ಬಾಡಿಗೆ, ಊಟ, ನೆಟ್, ಪೆಟ್ರೋಲ್, ಲ್ಯಾಪ್‌ಟಾಪ್ ಇಎಂಐ, ಹೆಲ್ತ್ ಇನ್ಶೂರೆನ್ಸ್ ಎಲ್ಲಾ ಸೇರಿ ಅವಳ ತಪ್ಪಿಸಲಾಗದ ಖರ್ಚು 22,000. ಸರಾಸರಿ ನೋಡಿದ್ರೆ ಆರಾಮಾಗಿದ್ದಾಳೆ ಅನ್ಸುತ್ತೆ. ಆದ್ರೆ ಅಕ್ಟೋಬರ್ ಹೊತ್ತಿಗೆ ಅವಳು ನಮ್ಮ ಅಪ್ಪನ ಹತ್ರ 43,000 ಸಾಲ ಮಾಡಿದ್ದಳು. ಜುಲೈ ಕೊನೆಗೆ ಉಳಿದಿದ್ದ 37,000ದಲ್ಲಿ ಹೊಸ ಫೋನ್ ತಗೊಂಡಿದ್ದೇ ಕಾರಣ. "ಚಿಕ್ಕಪ್ಪನ ಮುಂದೆ ಕೈ ಚಾಚೋದು ಇದೇ ಕೊನೆ ಕಣೋ, ಎಷ್ಟು ಕೂಡಿಡ್ಬೇಕು ಲೆಕ್ಕ ಹಾಕ್ಕೊಡು" ಅಂದಳು.

ಎಲ್ಲರೂ ಹೇಳೋದು ಮೂರರಿಂದ ಆರು ತಿಂಗಳ ಖರ್ಚು ಅಂತ. ಅದು ತಿಂಗಳ ಸಂಬಳ ಇರೋರಿಗೆ ಹೊಂದುವ ಮಾತು. ಅವರಿಗೆ ಅಪಾಯ ಒಂದೇ: ಕೆಲಸ ಹೋಗೋದು. ಫ್ರೀಲಾನ್ಸ್‌ನಲ್ಲಿ ಕೆಲಸ ಇದ್ದಾಗಲೂ ದುಡ್ಡು ಬರದ ತಿಂಗಳಿರುತ್ತೆ. ಇದು ತುರ್ತು ಪರಿಸ್ಥಿತಿ ಅಲ್ಲ, ಆ ಕೆಲಸದ ಸ್ವಭಾವ. ಎರಡಕ್ಕೂ ಒಂದೇ ನಿಧಿ ಅಂದ್ಕೊಂಡ್ರೆ ನಿಜವಾದ ಕಷ್ಟ ಬರೋ ಹೊತ್ತಿಗೆ ಅದು ಖಾಲಿಯಾಗಿರುತ್ತೆ. ಹಾಗಾಗಿ ಎರಡು ಭಾಗ ಮಾಡಿದ್ವಿ.

ಮೊದಲ ಭಾಗ ಏರಿಳಿತಕ್ಕೆ. ನಮ್ಮ ಸಿವಿಲ್‌ನವರು ಜಲಾಶಯ ಎಷ್ಟು ದೊಡ್ಡದಿರಬೇಕು ಅಂತ ಹಾಕೋ ಲೆಕ್ಕ ಇಲ್ಲಿಗೆ ಸರಿಯಾಗಿ ಹೊಂದುತ್ತೆ. ಪ್ರತಿ ತಿಂಗಳು ಒಳಹರಿವಿಗಿಂತ ಬಳಕೆ ಎಷ್ಟು ಜಾಸ್ತಿ ಅಂತ ಕೂಡಿಸ್ತಾ ಹೋಗಿ, ಆ ಕೊರತೆ ಮುಟ್ಟಿದ ಅತಿ ದೊಡ್ಡ ಅಂಕಿಯನ್ನ ಹಿಡಿಯೋದು.

```python
income = [38,12,45,30,0,9,14,60,26,18,52,35]
kharchu = 22
gap = worst = 0
for x in income:
    gap = max(0, gap + kharchu - x)
    worst = max(worst, gap)
print(worst)
```

ಉತ್ತರ 43. ಆಗಸ್ಟ್‌ನಲ್ಲಿ 22, ಸೆಪ್ಟೆಂಬರ್‌ನಲ್ಲಿ 13, ಅಕ್ಟೋಬರ್‌ನಲ್ಲಿ 8, ಒಟ್ಟು 43,000. ಅಪ್ಪ ಕೊಟ್ಟ ಸಾಲವೂ ಅಷ್ಟೇ! ಇಲ್ಲೊಂದು ತಪ್ಪು ಸುಲಭವಾಗಿ ಆಗುತ್ತೆ: ಬಿಲ್ ಕಳಿಸಿದ ತಿಂಗಳಲ್ಲೇ ಅಂಕಿ ಬರೆಯೋದು. ಖಾತೆಗೆ ದುಡ್ಡು ಬಿದ್ದ ತಿಂಗಳಲ್ಲೇ ಬರೆಯಬೇಕು, ಅದೂ ಟಿಡಿಎಸ್ ಕಳೆದು ಕೈಗೆ ಬಂದಷ್ಟೇ. ಅವಳು ಮೊದಲು ಬಿಲ್ ತಾರೀಖಿನ ಪ್ರಕಾರ ಕೊಟ್ಟ ಪಟ್ಟಿಯಲ್ಲಿ ಆಗಸ್ಟ್ ಚೆನ್ನಾಗೇ ಕಾಣ್ತಿತ್ತು.

ಎರಡನೇ ಭಾಗ ನಿಜವಾದ ತುರ್ತಿಗೆ. ಅವಳ ಆದಾಯದ ಅರ್ಧಕ್ಕಿಂತ ಜಾಸ್ತಿ ಒಬ್ಬನೇ ಕ್ಲೈಂಟ್‌ನಿಂದ ಬರುತ್ತೆ. ಅಂಥ ಕ್ಲೈಂಟ್ ಸಿಗೋಕೆ ಅವಳಿಗೆ ಮೂರು ತಿಂಗಳು ಹಿಡಿದಿತ್ತು. ಅವನು ಬಿಟ್ಟು ಹೋದ್ರೆ ಅಂತ ಮೂರು ತಿಂಗಳ ಖರ್ಚು, 66,000. ಎರಡೂ ಸೇರಿ 1,09,000, ಹತ್ತಿರ ಹತ್ತಿರ ಐದು ತಿಂಗಳು. ನಾಲ್ಕು ಚಿಕ್ಕ ಕ್ಲೈಂಟ್‌ಗಳಿರೋರಿಗೆ ಎರಡನೇ ಭಾಗ ಕಮ್ಮಿ ಸಾಕು. ಮನೆಗೆ ದುಡ್ಡು ಕಳಿಸಬೇಕಾದವರು ಅದನ್ನೂ ಖರ್ಚಿಗೆ ಸೇರಿಸಬೇಕು. ಆಸ್ಪತ್ರೆ ಬಿಲ್ ಇದರಲ್ಲಿ ಇಲ್ಲ, ಅದಕ್ಕೇ ಇನ್ಶೂರೆನ್ಸ್ ಕಂತು ಆ 22,000ದ ಒಳಗಿದೆ.

ಇನ್ನು ತುಂಬಿಸೋದು ಹೇಗೆ? "ತಿಂಗಳಿಗೆ 5,000" ಅಂತ ಇಟ್ಕೊಂಡ್ರೆ ಮೇ ತಿಂಗಳಲ್ಲೇ ನಿಯಮ ಮುರಿಯುತ್ತೆ. ಈಗ ಅವಳಿಗೆ ಎರಡು ಖಾತೆ. ಕ್ಲೈಂಟ್ ದುಡ್ಡೆಲ್ಲಾ ಒಂದಕ್ಕೆ ಬೀಳುತ್ತೆ, ಅದಕ್ಕೆ ಎಟಿಎಂ ಕಾರ್ಡೂ ಇಲ್ಲ, ಯುಪಿಐನೂ ಇಲ್ಲ. ಒಂದನೇ ತಾರೀಖು ಅಲ್ಲಿಂದ ಇನ್ನೊಂದಕ್ಕೆ 22,000 ಸಂಬಳದ ಥರ ಹೋಗುತ್ತೆ. ಒಳ್ಳೆ ತಿಂಗಳಲ್ಲಿ ಮಿಕ್ಕಿದ್ದು ತಾನಾಗೇ ಅಲ್ಲೇ ಉಳಿಯುತ್ತೆ. ಒಂದು ತಿಂಗಳ ಖರ್ಚು ಉಳಿತಾಯ ಖಾತೆಯಲ್ಲಿ ಬಿಟ್ಟು, ಅದಕ್ಕಿಂತ ಮೇಲಿನದನ್ನ 22,000ದ ಬೇರೆ ಬೇರೆ ಎಫ್‌ಡಿ ಮಾಡ್ತಾಳೆ. ಒಂದನ್ನ ಅವಧಿಗೆ ಮುಂಚೆ ಒಡೆದ್ರೆ ಅದರ ಬಡ್ಡಿ ಮಾತ್ರ ಕಮ್ಮಿಯಾಗುತ್ತೆ, ಉಳಿದವು ಹಾಗೇ ಇರುತ್ತವೆ.

ಈ ಲೆಕ್ಕಕ್ಕೂ ಒಂದು ಮಿತಿ ಇದೆ. ಹನ್ನೆರಡು ತಿಂಗಳು ಒಂದೇ ಮಳೆಗಾಲ ಇದ್ದ ಹಾಗೆ, ಮುಂದಿನ ಬರ ಇನ್ನೂ ದೊಡ್ಡದಿರಬಹುದು. ಆ ನವೆಂಬರ್‌ನ 60,000 ಒಂದು ತಿಂಗಳು ತಡವಾಗಿ ಬಂದಿದೆ ಅಂತ ಇಟ್ಕೊಂಡು ಅದೇ ಕೋಡ್ ಓಡಿಸಿದ್ರೆ ಉತ್ತರ 65 ಆಗುತ್ತೆ. ಅದನ್ನ ನೋಡಿದ ಮೇಲೆ ಅಕ್ಕ ಗುರಿಯನ್ನ ಆರು ತಿಂಗಳಿಗೆ, ಅಂದ್ರೆ 1,32,000ಕ್ಕೆ ಏರಿಸಿದಳು. ಎಲ್ಲರೂ ಹೇಳೋ ಆರಕ್ಕೇ ಬಂದು ನಿಂತ್ವಿ ಅಂತ ಇಬ್ಬರಿಗೂ ನಗು ಬಂತು.

ಅಪ್ಪನ ಸಾಲ ಫೆಬ್ರವರಿಯಲ್ಲಿ ತೀರಿತು. ಮಾರ್ಚ್ ಕೊನೆಗೆ ಅವಳ ಹತ್ರ ಇದ್ದಿದ್ದು 38,000. ಮೊದಲ ಎಫ್‌ಡಿಗೆ ಇನ್ನೂ 6,000 ಬೇಕು.