ಬೆಳೆ ವಿಮೆ ನೋಂದಣಿ: ಹಾಲು ಹಾಕುವ ಹೊತ್ತಿನಲ್ಲಿ ತಿಳಿಸುವ ಬಗೆ

ಸಂಘಗಳ ಕಾರ್ಯದರ್ಶಿಗಳಿಗೂ ಆಡಳಿತ ಮಂಡಳಿ ಸದಸ್ಯರಿಗೂ ಈ ಪಾಠ. ಮುಂಗಾರು ಹಂಗಾಮಿನ ಬೆಳೆ ವಿಮೆ ಸುತ್ತೋಲೆಯನ್ನು ಸಂಘದ ಗೋಡೆಗೆ ಅಂಟಿಸಿದರೆ ನಿಂತು ಓದುವವರು ಕೆಲವರೇ. ಅದೇ ವಿಷಯವನ್ನು ಬೆಳಿಗ್ಗೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರಿಗೆ ಬಾಯಿಮಾತಿನಲ್ಲಿ ಹೇಳಿದರೆ ಮನೆಮನೆಗೆ ತಲುಪುತ್ತದೆ.

ಮೊದಲು ಹೇಳಬೇಕಾದದ್ದು ಕೊನೆಯ ದಿನಾಂಕ. ಇದು ಬೆಳೆಯಿಂದ ಬೆಳೆಗೆ, ಜಿಲ್ಲೆಯಿಂದ ಜಿಲ್ಲೆಗೆ ಬೇರೆಯಾಗುತ್ತದೆ. ಆದ್ದರಿಂದ ಪಕ್ಕದ ತಾಲ್ಲೂಕಿನವರ ಮಾತು ನಂಬದೆ, ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಿಂದ ಈ ವರ್ಷದ ಪಟ್ಟಿಯನ್ನು ತಂದಿಟ್ಟುಕೊಳ್ಳಿ. ಪಟ್ಟಿಯಲ್ಲಿ ಮಳೆಯಾಶ್ರಿತ ರಾಗಿಗೆ ಜುಲೈ 31 ಎಂದಿದೆ ಎನ್ನೋಣ. ಆಗ ಸದಸ್ಯರಿಗೆ "25ರೊಳಗೆ ಮುಗಿಸಿ, 31 ಆದಮೇಲೆ ತೆಗೆದುಕೊಳ್ಳುವುದಿಲ್ಲ" ಎಂದು ಎರಡೂ ದಿನ ಹೇಳಿ. ಕಡೆಯ ಎರಡು ದಿನ ಕಂಪ್ಯೂಟರ್ ನಿಧಾನವಾಗಿ, ಸಾಲಿನಲ್ಲಿ ನಿಂತವರು ಹಾಗೆಯೇ ಹಿಂದಿರುಗುವುದನ್ನು ನಾವು ನೋಡಿದ್ದೇವೆ.

ಎರಡನೆಯದು ದಾಖಲೆ. ಒಂದೊಂದನ್ನೂ ಕೈಯಲ್ಲಿ ಎತ್ತಿ ತೋರಿಸಿ ಹೇಳಿ: ಪಹಣಿ, ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಪುಸ್ತಕ, ಎಫ್.ಐ.ಡಿ. ಸಂಖ್ಯೆ, ಬಿತ್ತನೆ ಬಗ್ಗೆ ಸ್ವಂತ ಘೋಷಣೆ. ಎಫ್.ಐ.ಡಿ. ಎಂದರೆ ಫ್ರೂಟ್ಸ್ ನೋಂದಣಿ ಸಂಖ್ಯೆ. ಅದು ಇದ್ದರಷ್ಟೇ ಸಾಲದು, ವಿಮೆ ಮಾಡಿಸುವ ಸರ್ವೆ ನಂಬರು ಅದರೊಳಗೆ ಸೇರಿರಬೇಕು. ಭಾಗವಾದ ಜಮೀನು, ಹೊಸದಾಗಿ ಕೊಂಡ ಜಮೀನು ಇಲ್ಲಿ ಬಿಟ್ಟುಹೋಗಿರುವುದುಂಟು.

ನಮ್ಮ ಸಂಘಗಳಲ್ಲಿ ಮಾತ್ರ ಕಾಣುವ ಒಂದು ತೊಡಕಿದೆ. ಹಾಲು ಹಾಕುವ ಸದಸ್ಯೆ ಹೆಂಡತಿ, ಪಹಣಿ ಇರುವುದು ಗಂಡನ ಹೆಸರಿನಲ್ಲಿ. ಆಕೆ ಹಾಲಿನ ಬಟವಾಡೆ ಬೀಳುವ ತನ್ನ ಪಾಸ್‌ಪುಸ್ತಕವನ್ನೇ ಹಿಡಿದು ಹೋಗುತ್ತಾಳೆ. ವಿಮೆಗೆ ಬೇಕಾದದ್ದು ಪಹಣಿದಾರನ ಆಧಾರ್, ಪಹಣಿದಾರನ ಖಾತೆ. "ಪಹಣಿ ಯಾರದೋ ಪಾಸ್‌ಪುಸ್ತಕವೂ ಅವರದೇ" ಎಂದು ಹೇಳಿಕೊಡಿ. ಆ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿಕೊಂಡು ಬರಲಿ.

ಹಣ ಎಷ್ಟು ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರಧಾನ್ಯ, ಎಣ್ಣೆಕಾಳುಗಳಿಗೆ ರೈತರ ಪಾಲು ವಿಮಾ ಮೊತ್ತದ ಶೇಕಡ 2ಕ್ಕೆ ಮೀರುವುದಿಲ್ಲ. ಹೆಕ್ಟೇರಿಗೆ ವಿಮಾ ಮೊತ್ತ 40,000 ರೂಪಾಯಿ ಎಂದಿಟ್ಟುಕೊಂಡರೆ ಕಂತು 800 ರೂಪಾಯಿ. ಹೆಕ್ಟೇರೆಂದರೆ ಸುಮಾರು ಎರಡೂವರೆ ಎಕರೆ, ಹಾಗಾಗಿ ಎರಡು ಎಕರೆ ರಾಗಿಗೆ ಸುಮಾರು 650 ರೂಪಾಯಿ ಆಗುತ್ತದೆ. ಹೆಕ್ಟೇರಿನ ಲೆಕ್ಕ ಹೇಳಬೇಡಿ, ಎಕರೆ ಲೆಕ್ಕದಲ್ಲೇ ಹೇಳಿ.

ಬೆಳೆಸಾಲ ಪಡೆದವರ ಮಾತು ಬೇರೆ. 2020ರ ಮುಂಗಾರಿನಿಂದ ಅವರಿಗೂ ವಿಮೆ ಕಡ್ಡಾಯವಲ್ಲ. ಆದರೆ ಬೇಡ ಎಂದು ಕೊನೆಯ ದಿನಕ್ಕೆ ಏಳು ದಿನ ಮುಂಚೆ ಬ್ಯಾಂಕಿಗೆ ಬರೆದುಕೊಡದಿದ್ದರೆ ಕಂತನ್ನು ಸಾಲದ ಖಾತೆಯಿಂದ ಮುರಿದುಕೊಳ್ಳುತ್ತಾರೆ. ಅಂಥವರು ಅದೇ ಜಮೀನಿಗೆ ಗ್ರಾಮ ಒನ್‌ನಲ್ಲಿ ಮತ್ತೊಮ್ಮೆ ಕಟ್ಟಬಾರದು.

ಈಗ ಹೆಚ್ಚು ನಷ್ಟ ತರುವ ತಪ್ಪಿಗೆ ಬರೋಣ. ಒಬ್ಬ ಸದಸ್ಯರು ಎರಡು ಎಕರೆಗೆ ರಾಗಿ ಎಂದು ವಿಮೆ ಮಾಡಿಸುತ್ತಾರೆ. ಮಳೆ ಹಿಂದಾಗುತ್ತದೆ, ರಾಗಿ ಬಿಟ್ಟು ಹುರುಳಿ ಚೆಲ್ಲುತ್ತಾರೆ. ಬೆಳೆ ಸಮೀಕ್ಷೆಯವರು ಹೊಲದ ಫೋಟೋ ತೆಗೆದು ಹುರುಳಿ ಎಂದು ದಾಖಲಿಸುತ್ತಾರೆ. ವಿಮೆಯಲ್ಲಿ ರಾಗಿ, ಸಮೀಕ್ಷೆಯಲ್ಲಿ ಹುರುಳಿ. ಇಡೀ ಪಂಚಾಯಿತಿಗೆ ರಾಗಿ ಪರಿಹಾರ ಬಂದರೂ ಇವರ ಅರ್ಜಿ ನಿಲ್ಲುತ್ತದೆ. ಬೆಳೆ ಬದಲಾದರೆ ಸಾಲಗಾರರು ಕೊನೆಯ ದಿನಕ್ಕೆ ಎರಡು ದಿನ ಮುಂಚೆಯೇ ಬ್ಯಾಂಕಿಗೆ ತಿಳಿಸಬೇಕು. ಆದ್ದರಿಂದ ರಸೀದಿ ಕೈಗೆ ಬಂದ ಕೂಡಲೇ ಅಲ್ಲಿಯೇ ಗ್ರಾಮ, ಸರ್ವೆ ನಂಬರು, ಬೆಳೆ, ಮಳೆಯಾಶ್ರಿತವೋ ನೀರಾವರಿಯೋ, ಎಷ್ಟು ಎಕರೆ ಎಂದು ಓದಿಸಿಕೊಳ್ಳಲು ಹೇಳಿ. ಅಕ್ಷರ ಬಾರದವರು ರಸೀದಿಯನ್ನು ಸಂಘಕ್ಕೆ ತಂದರೆ ನೀವೇ ಓದಿ ಹೇಳಿ. ರಸೀದಿ ಜೋಪಾನವಾಗಿರಲಿ.

ಸಾಲಿನಲ್ಲಿ ನಿಂತವರಿಗೆ ಹೀಗೆ ಹೇಳಬಹುದು:

"ಅಣ್ಣಂದಿರೇ, ಅಕ್ಕಂದಿರೇ, ರಾಗಿ ವಿಮೆಗೆ ಜುಲೈ 31 ಕಡೇ ದಿನ. ನೀವು 25ರೊಳಗೇ ಹೋಗಿ. ಪಹಣಿ, ಆಧಾರ್, ಪಾಸ್‌ಪುಸ್ತಕ, ಎಫ್.ಐ.ಡಿ. ತಗೊಂಡು ಹೋಗಿ. ಪಹಣಿ ಯಾರದೋ ಪಾಸ್‌ಪುಸ್ತಕವೂ ಅವರದೇ. ಹೊಲದಲ್ಲಿ ಏನಿದೆಯೋ ಅದನ್ನೇ ಬರೆಸಿ. ರಸೀದಿ ಓದಿಸಿಕೊಂಡೇ ಬನ್ನಿ. ಗಂಗಮ್ಮಕ್ಕ, ಈಗ ನೀವು ಹೇಳಿ, ಏನೇನು ತಗೊಂಡು ಹೋಗ್ತೀರಿ?"

ಆಕೆ ನಾಲ್ಕರಲ್ಲಿ ಒಂದನ್ನು ಮರೆತರೆ ಪಕ್ಕದವರು ಹೇಳುತ್ತಾರೆ. ಸಂಜೆಯ ಸಾಲಿನಲ್ಲಿ ಬೇರೊಬ್ಬರನ್ನು ಕೇಳಿ.