ಥರ್ಮಲ್ ಮೈಗೆ ಹತ್ತಬೇಕು, ಒತ್ತಬಾರದು



ಡಿಸೆಂಬರ್ ಬಂತೆಂದರೆ ಖರಾಡಿಯ ನಮ್ಮ ಕನ್ನಡ ಮನೆಗಳಿಗೆ ಊರಿನಿಂದ ಅಪ್ಪ-ಅಮ್ಮ ಬರುತ್ತಾರೆ. ಇಲ್ಲಿ ಕೆಲವು ಬೆಳಗುಗಳಲ್ಲಿ ತಾಪಮಾನ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಮುಳಾ-ಮುಠಾ ನದಿಯ ಕಡೆ ವಾಕಿಂಗ್ ಹೋದರೆ ಗಾಳಿ ಬೇರೆ. ಹಾಗಾಗಿ ಅವರು ಬರುವ ಮೊದಲೇ ಮಕ್ಕಳು ಥರ್ಮಲ್ ತರಿಸಿಟ್ಟಿರುತ್ತಾರೆ. ಒಳ್ಳೆಯದೇ. ಆದರೆ ಅಳತೆ ತಪ್ಪಿದರೆ ಏನಾಗುತ್ತದೆ ಎಂಬುದನ್ನು ನನ್ನ ಬಳಿ ಬಂದ ಹಿರಿಯರೊಬ್ಬರ ವಿಷಯದಿಂದಲೇ ಹೇಳುತ್ತೇನೆ.

ಗದಗ ಕಡೆಯವರು, ವಯಸ್ಸು 71. ನಾಲ್ಕು ವರ್ಷದ ಹಿಂದೆ ಬೈಪಾಸ್ ಆಗಿದೆ. ಎಡಗಾಲಿನಿಂದ ರಕ್ತನಾಳ ತೆಗೆದಿದ್ದರಿಂದ ಆ ಕಾಲು ಸಂಜೆ ಹೊತ್ತಿಗೆ ಸ್ವಲ್ಪ ಊದುತ್ತದೆ. ಎದೆ ಸುತ್ತಳತೆ 94 ಸೆಂಟಿಮೀಟರ್. ಮಗ ತಂದದ್ದು 90ರ ಥರ್ಮಲ್, ಬಿಗಿಯಾದಷ್ಟೂ ಬೆಚ್ಚಗೆ ಎಂಬ ಲೆಕ್ಕದಲ್ಲಿ. ಚಳಿ ತಡೆಯಲಿಲ್ಲವೆಂದು ಅವರು ಒಂದರ ಮೇಲೊಂದು ಎರಡು ಹಾಕಿ, ಅದರ ಮೇಲೆ ಹಳೆಯ ಸ್ವೆಟರ್ ತೊಟ್ಟು ವಾಕಿಂಗ್ ಹೋಗುತ್ತಿದ್ದರು.

"ಡಾಕ್ಟರೇ, ನಡೆಯೂ ಮುಂದ ಎದಿ ಬಿಗದಂಗ ಆಗ್ತೈತ್ರಿ. ಬನಿಯನ್ ಬಿಗಿ ಐತಲ್ರೀ, ಅದಕ್ಕ ಇರಬೇಕು" ಎಂದರು.

"ಎಷ್ಟು ದಿನ ಆತ್ರಿ ಕಾಕಾ?" ಎಂದೆ.

"ಹತ್ತು ದಿನ ಆತ್ರಿ."

ಆ ಹತ್ತು ದಿನವೇ ನನಗೆ ಚಿಂತೆ ತಂದದ್ದು. ಬಟ್ಟೆ ತೆಗೆಸಿ ನೋಡಿದರೆ ಕಂಕುಳಲ್ಲೂ ಎಡಗಾಲಿನ ಹರಡಿನ ಸುತ್ತಲೂ ಕೆಂಪು ಬರೆ. ಕುಳಿತಾಗ ಆಗುತ್ತಿದ್ದ ಬಿಗಿತ ಬಟ್ಟೆ ಸಡಿಲಿಸಿದ ಕೂಡಲೇ ಹೋಯಿತು. ಅದು ಬಟ್ಟೆಯದೇ. ಆದರೆ ಸರಿಯಾದ ಅಳತೆಯ ಬಟ್ಟೆ ಹಾಕಿಕೊಂಡು ನಡೆದಾಗಲೂ ಬಿಗಿತ ಬಂತು, ನಿಂತರೆ ಎರಡು ಮೂರು ನಿಮಿಷದಲ್ಲಿ ಇಳಿಯಿತು. ಅದು ಹೃದಯದ್ದು, ಅಂದರೆ ಆಂಜೈನಾ. ಪರೀಕ್ಷೆ ಮಾಡಿ ಔಷಧಿ ಬದಲಿಸಬೇಕಾಯಿತು. ಚಳಿಗೆ ಚರ್ಮದ ರಕ್ತನಾಳಗಳು ಸಂಕುಚಿಸಿ ಬಿಪಿ ಏರುತ್ತದೆ, ಹೃದಯಕ್ಕೆ ಕೆಲಸ ಹೆಚ್ಚುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಸಲೀಸಾಗಿ ನಡೆದ ದೂರ ಚಳಿಗಾಲದಲ್ಲಿ ಎದೆ ಹಿಡಿಯುತ್ತದೆ. ನಡೆದಾಗ ಬಂದು ನಿಂತಾಗ ಹೋಗುವ ಬಿಗಿತವನ್ನು ಯಾವ ಬನಿಯನ್ ಮೇಲೂ ಹಾಕಬೇಡಿ, ತಡಮಾಡದೆ ತೋರಿಸಿ. ಕುಳಿತಾಗಲೂ ಇಳಿಯದೆ ನಿಂತರೆ, ಬೆವರು ಬಂದರೆ, 108ಕ್ಕೆ ಫೋನ್ ಮಾಡಿ.

ಈಗ ಬಟ್ಟೆಯ ವಿಷಯ. ನಮ್ಮನ್ನು ಬೆಚ್ಚಗಿಡುವುದು ಬಟ್ಟೆಯ ನಡುವೆ ಸಿಕ್ಕಿಕೊಂಡು ಅಲುಗಾಡದೆ ನಿಂತ ಗಾಳಿ. ಒಳಗಿನ ಥರ್ಮಲ್ ದೊಗಳೆಯಾದರೆ ಪ್ರತಿ ಹೆಜ್ಜೆಗೂ ತಿದಿ ಒತ್ತಿದಂತೆ ಬೆಚ್ಚನೆ ಗಾಳಿ ಕುತ್ತಿಗೆಯಿಂದ, ಸೊಂಟದಿಂದ ಹೊರಗೆ ಹೋಗುತ್ತದೆ. ಬಟ್ಟೆ ಮೈಗೆ ತಾಗದಿದ್ದರೆ ಬೆವರನ್ನೂ ಹೀರುವುದಿಲ್ಲ. ಇನ್ನು ಬಿಗಿಯಾದರೆ ನೇಯ್ಗೆ ಎಳೆದುಕೊಂಡು ತೆಳ್ಳಗಾಗುತ್ತದೆ, ಒಳಗಿನ ಮೆತ್ತನೆ ಪದರ ಚಪ್ಪಟೆಯಾಗುತ್ತದೆ, ಗಾಳಿಗೆ ಜಾಗವೇ ಇರುವುದಿಲ್ಲ. ನಮ್ಮ ಕಾಕಾ ಅವರಿಗೆ ಎರಡು ಹಾಕಿದರೂ ಚಳಿಯಾಗಿದ್ದು ಇದಕ್ಕೇ.

ನಮ್ಮಲ್ಲಿ ಒಳಉಡುಪನ್ನು ಅಂಗಡಿಯಲ್ಲಿ ಹಾಕಿ ನೋಡಲು ಸಾಮಾನ್ಯವಾಗಿ ಬಿಡುವುದಿಲ್ಲ, ವಾಪಸೂ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಮನೆಯಲ್ಲೇ ಟೇಪಿನಿಂದ ಕಂಕುಳ ಕೆಳಗೆ ಎದೆಯ ಸುತ್ತ ಅಳೆಯಿರಿ. ಡಬ್ಬದ ಮೇಲೆ 85, 90, 95, 100 ಎಂದು ಇರುವುದು ಸಾಮಾನ್ಯವಾಗಿ ಎದೆಯ ಸೆಂಟಿಮೀಟರ್ ಅಳತೆ. 94ಕ್ಕೆ 95 ಸರಿ. 97 ಬಂದರೆ, ಹಿರಿಯರಿಗೆ ನಾನು 100 ತೆಗೆದುಕೊಳ್ಳಿ ಎನ್ನುತ್ತೇನೆ, ಹತ್ತಿ ಬೆರೆತದ್ದು ಒಗೆದಾಗ ಸ್ವಲ್ಪ ಕುಗ್ಗುತ್ತದೆ. ಕೆಳಗಿನ ಪ್ಯಾಂಟಿಗೆ ಸೊಂಟದ ಜೊತೆ ಮೀನಖಂಡವನ್ನೂ ಅಳೆಯಿರಿ, ಅದೂ ಬೆಳಿಗ್ಗೆ ಅಲ್ಲ, ಕಾಲು ಊದಿರುವ ಸಂಜೆ ಹೊತ್ತಿನಲ್ಲಿ. ಹರಡಿನ ಹತ್ತಿರ ಎರಡು ಬೆರಳು ಸಲೀಸಾಗಿ ಒಳಗೆ ಹೋಗಬೇಕು. ತೊಟ್ಟ ಮೇಲೆ ಕೈ ಮೇಲೆತ್ತಿದರೆ ಹೊಟ್ಟೆ ಕಾಣಬಾರದು, ಕುಳಿತರೆ ಮೊಣಕಾಲ ಹಿಂದೆ ಬಟ್ಟೆ ಮುದುಡಿ ಒತ್ತಬಾರದು.

ಮೇಲಿನ ಬಟ್ಟೆಯಲ್ಲೇ ಹೆಚ್ಚಿನವರು ತಪ್ಪುವುದು. ಥರ್ಮಲ್ ಸರಿಯಿದ್ದರೂ ಮೇಲೆ ಬಿಗಿ ಸ್ವೆಟರ್ ಹಾಕಿದರೆ ನಡುವಿನ ಗಾಳಿ ಹಿಂಡಿ ಹೋಗುತ್ತದೆ. ಸ್ವೆಟರನ್ನು ಹಾಸಿಗೆಯ ಮೇಲೆ ಹಾಸಿ, ಒಂದು ಕಂಕುಳಿಂದ ಇನ್ನೊಂದಕ್ಕೆ ಅಳೆದು ಎರಡರಿಂದ ಗುಣಿಸಿ. ಅದು ಥರ್ಮಲ್ ತೊಟ್ಟ ಎದೆಗಿಂತ 8ರಿಂದ 10 ಸೆಂಟಿಮೀಟರಾದರೂ ಹೆಚ್ಚಿರಬೇಕು. ಕಾಕಾ ಅವರ ಹಳೆಯ ಸ್ವೆಟರ್ 48, ಅಂದರೆ ಸುತ್ತಳತೆ 96. ಥರ್ಮಲ್ ಸೇರಿ ಎದೆ 95. ಜಾಗವೇ ಇಲ್ಲ! ಈಗ 53ರದ್ದು, ಅಂದರೆ 106ರದ್ದು, ತೊಡುತ್ತಾರೆ. ಒಳಗೆ ಒಂದೇ ಥರ್ಮಲ್, ಆದರೂ ಬೆಚ್ಚಗಿದ್ದಾರೆ. ಅಳೆಯುವ ಬೇಸರವಿದ್ದರೆ ಎಲ್ಲಾ ಹಾಕಿಕೊಂಡು ಎರಡೂ ಕೈಗಳಿಂದ ಎದುರು ಭುಜ ಹಿಡಿದು ನೋಡಿ. ಬೆನ್ನು ಎಳೆಯಬಾರದು. ಶೂಗೂ ಇದೇ ಲೆಕ್ಕ, ಎರಡು ಸಾಕ್ಸ್ ತುರುಕಿದ ಬಿಗಿ ಶೂನಲ್ಲಿ ಕಾಲು ತಣ್ಣಗೇ ಇರುತ್ತದೆ.

ಸೀರೆ ಉಡುವ ತಾಯಂದಿರ ಕಷ್ಟ ಬೇರೆ. ಹೊಲಿಸಿದ ಬ್ಲೌಸಿನ ತೋಳೊಳಗೆ ಉದ್ದ ತೋಳಿನ ಥರ್ಮಲ್ ತುರುಕಿದರೆ ಕಂಕುಳು, ರಟ್ಟೆ ಎರಡೂ ಬಿಗಿಯುತ್ತವೆ. ತೋಳಿಲ್ಲದ, ಅಗಲ ಕುತ್ತಿಗೆಯ ಥರ್ಮಲ್ ಒಳಗಿರಲಿ, ತೋಳಿನ ಬೆಚ್ಚಗೆ ಮೇಲಿನ ಸ್ವೆಟರಿನದು. ಇನ್ನೊಂದು ಮಾತು, ಬಿಪಿ ನೋಡುವಾಗ ಥರ್ಮಲ್ ತೋಳನ್ನು ಮೇಲಕ್ಕೆ ಸುರುಳಿ ಸುತ್ತಬೇಡಿ. ಆ ಸುರುಳಿ ಹಗ್ಗದಂತೆ ರಟ್ಟೆ ಕಟ್ಟಿ ಅಂಕಿ ತಪ್ಪಾಗುತ್ತದೆ. ತೋಳನ್ನು ಪೂರ್ತಿ ಹೊರಗೆ ತೆಗೆಯಿರಿ.

ಪುಣೆಯ ಚಳಿ ಮಧ್ಯಾಹ್ನಕ್ಕೆ ಇರುವುದಿಲ್ಲ, 28-30 ಡಿಗ್ರಿ ಆಗುತ್ತದೆ. ಅದಕ್ಕೇ ದಪ್ಪ ಥರ್ಮಲ್ ಇಲ್ಲಿಗೆ ಬೇಡ, ತೆಳುವಾದದ್ದೇ ಸಾಕು. ವಾಕಿಂಗಿನಿಂದ ಬಂದು ಬೆವರಿದ್ದರೆ ಕೂಡಲೇ ಬದಲಿಸಿ, ಒದ್ದೆ ಬಟ್ಟೆ ಮೈಯ ಶಾಖವನ್ನು ಒಣ ಬಟ್ಟೆಗಿಂತ ಬಹಳ ಬೇಗ ಎಳೆಯುತ್ತದೆ. ರಾತ್ರಿ ಹರಡು ಬಿಗಿಯುವ ಪ್ಯಾಂಟ್ ಹಾಕಿ ಮಲಗುವುದೂ ಬೇಡ.

ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇರುವವರಿಗೆ ಬಿಗಿತ ಗೊತ್ತೇ ಆಗದಿರಬಹುದು, ಅವರ ಕಾಲನ್ನು ಮನೆಯವರು ಕಣ್ಣಿಂದ ನೋಡಬೇಕು. ಬಟ್ಟೆ ತೆಗೆದ ಅರ್ಧ ಗಂಟೆಯ ಮೇಲೂ ಬರೆ ಉಳಿದಿದ್ದರೆ ಅದು ಬಿಗಿ. ಆದರೆ ಹೋದ ವಾರ ಸರಿಯಾಗಿದ್ದ ಅದೇ ಥರ್ಮಲ್ ಈ ವಾರ ಹರಡಿನಲ್ಲಿ ಆಳವಾಗಿ ಮೂಡಿದರೆ ದೊಡ್ಡ ಅಳತೆ ಕೊಳ್ಳಲು ಹೋಗಬೇಡಿ, ಮೊದಲು ತೂಕ ನೋಡಿ. ಹೃದಯ ದುರ್ಬಲವಿದ್ದವರಲ್ಲಿ ಮೂರು ದಿನದೊಳಗೆ ಎರಡು ಕಿಲೋ ಹೆಚ್ಚಿದ್ದರೆ ಮೈಯಲ್ಲಿ ನೀರು ತುಂಬುತ್ತಿದೆ ಎಂದರ್ಥ, ಅಂದೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ.