ಸೇವಾ ಪುಸ್ತಕ ಬೇಡ, ಒಂದು ಪ್ರಶ್ನೆ ಸಾಕು

ಶಿಕ್ಷಣದಲ್ಲಿ ಎಂ.ಎ. ಮಾಡಲು ಹೊರಟ ಶಿಕ್ಷಕರಿಗೆ ಅರ್ಜಿಯ ಉಳಿದ ಕೆಲಸ ಅಷ್ಟು ಕಷ್ಟವಲ್ಲ. ಅಂಕಪಟ್ಟಿ, ಅನುಭವ ಪ್ರಮಾಣಪತ್ರ, ಶಿಫಾರಸು ಪತ್ರ ಎಲ್ಲವೂ ಹೇಗೋ ಹೊಂದುತ್ತವೆ. ಪೆನ್ನು ನಿಲ್ಲುವುದು ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಬರೆಯುವಾಗ. ಈ ಕೋರ್ಸು ನಿಮಗೇಕೆ ಬೇಕು ಎಂದು ಸಾಮಾನ್ಯವಾಗಿ 500ರಿಂದ 1000 ಪದಗಳಲ್ಲಿ ಹೇಳಬೇಕಾದ ಬರಹ ಅದು. ಎಲ್ಲರೂ ಎಸ್‌ಒಪಿ ಎನ್ನುತ್ತಾರೆ. ಈಗಷ್ಟೇ ಪದವಿ ಮುಗಿಸಿದವರಿಗೆ ಅದರಲ್ಲಿ ಬರೆಯಲು ವಿಷಯ ಸಾಲದು. ವರ್ಷಗಟ್ಟಲೆ ಪಾಠ ಮಾಡಿದ ನಮಗೆ ವಿಷಯ ವಿಪರೀತ.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿದ್ದಾಗ ಎಸ್‌ಒಪಿ ಬರೆದು ಸೀಟು ಪಡೆದೆ. ಕೋರ್ಸು ಮುಗಿದ ಮೇಲೆ ಪರಿಚಯದ ಶಿಕ್ಷಕರ ಕರಡುಗಳನ್ನು ಓದಿಕೊಡುತ್ತ ಬಂದಿದ್ದೇನೆ. ಹೆಚ್ಚಿನ ಕರಡುಗಳು ಸೇವಾ ಪುಸ್ತಕದ ಹಾಗೆಯೇ ಇರುತ್ತವೆ: ಯಾವ ವರ್ಷ ಯಾವ ಶಾಲೆ, ನಲಿಕಲಿ ತರಬೇತಿ, ಪ್ರತಿಭಾ ಕಾರಂಜಿಯ ಬಹುಮಾನ, ಮೆಟ್ರಿಕ್ ಮೇಳ, ಕೊನೆಗೆ ‘ಸಮಾಜಕ್ಕೆ ಏನಾದರೂ ಮಾಡಬೇಕು’ ಎಂಬ ಸಾಲು. ಒಂದೂ ಸುಳ್ಳಲ್ಲ. ಆದರೆ ಅದನ್ನು ಓದಿದವರಿಗೆ ಈ ಶಿಕ್ಷಕಿ ತರಗತಿಯಲ್ಲಿ ಏನನ್ನು ಗಮನಿಸುತ್ತಾರೆ ಎಂಬುದು ತಿಳಿಯುವುದಿಲ್ಲ. ಸೇವೆಯ ವಿವರ ಹೇಗೂ ಅರ್ಜಿ ನಮೂನೆಯಲ್ಲೇ ಇರುತ್ತದೆ.

ಇಲ್ಲಿ ಎಂ.ಎಡ್.ಗೂ ಎಂ.ಎ.ಗೂ ಇರುವ ಒಂದು ವ್ಯತ್ಯಾಸ ನೆನಪಿರಬೇಕು. ಎಂ.ಎಡ್.ಗೆ ಸೇರಲು ಬಿ.ಎಡ್. ಅಥವಾ ಅಂಥದೇ ಶಿಕ್ಷಕ ತರಬೇತಿ ಆಗಿರಬೇಕು. ಶಿಕ್ಷಣದ ಎಂ.ಎ.ಗೆ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂಥ ಕಡೆ ಯಾವುದೇ ವಿಷಯದ ಪದವೀಧರರು ಅರ್ಜಿ ಹಾಕಬಹುದು. ಹಾಗಾಗಿ ಎಂಜಿನಿಯರಿಂಗ್ ಓದಿದವರು, ಸ್ವಯಂಸೇವಾ ಸಂಸ್ಥೆಗಳಲ್ಲಿ ದುಡಿದವರು ನಮ್ಮ ಜೊತೆಗೇ ಸಾಲಿನಲ್ಲಿರುತ್ತಾರೆ. ಶಿಕ್ಷಣದ ಬಗ್ಗೆ ಒಳ್ಳೆಯ ಮಾತು ಅವರೂ ಬರೆಯಬಲ್ಲರು. ಮಕ್ಕಳ ಲೆಕ್ಕದ ಪುಸ್ತಕವನ್ನು ದಿನವೂ ತಿದ್ದಿದವರು ಮಾತ್ರ ಬರೆಯಬಲ್ಲದ್ದು ಬೇರೆ ಇದೆ. ನನ್ನ ಎಸ್‌ಒಪಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗವನ್ನು ನಾಲ್ಕನೇ ತರಗತಿಯ ಒಂದು ಕಳೆಯುವ ಲೆಕ್ಕಕ್ಕೇ ಕೊಟ್ಟದ್ದು ಈ ಕಾರಣಕ್ಕೆ.

ಲೆಕ್ಕ ಇದು: 52ರಿಂದ 27 ಕಳೆಯಬೇಕು. ಹಲವು ಮಕ್ಕಳು 35 ಎಂದು ಬರೆಯುತ್ತಿದ್ದರು. ಬಿಡಿ ಸ್ಥಾನದಲ್ಲಿ 2ರಿಂದ 7 ಹೋಗುವುದಿಲ್ಲ, ಆದ್ದರಿಂದ 7ರಿಂದ 2 ಕಳೆದು 5. ಹತ್ತರ ಸ್ಥಾನದಲ್ಲಿ 5ರಿಂದ 2 ಹೋದರೆ 3. ಇದನ್ನು ಅಜಾಗರೂಕತೆ ಎನ್ನುವಂತಿರಲಿಲ್ಲ, ಏಕೆಂದರೆ ಒಂದೇ ಮಗು ಪುಟದ ತುಂಬ ಇದೇ ರೀತಿ ಮಾಡುತ್ತಿತ್ತು. ಕಡ್ಡಿಗಳನ್ನು ಹತ್ತು ಹತ್ತರ ಕಟ್ಟು ಮಾಡಿ ಕೊಟ್ಟೆ. ಐದು ಕಟ್ಟು, ಎರಡು ಬಿಡಿ ಕಡ್ಡಿ. 27 ಕಡ್ಡಿ ತೆಗೆದುಕೊಡು ಎಂದರೆ ಮಕ್ಕಳು ತಾವಾಗಿ ಒಂದು ಕಟ್ಟು ಬಿಚ್ಚಿ, ಹನ್ನೆರಡು ಬಿಡಿಯಲ್ಲಿ ಏಳು ಎತ್ತಿಟ್ಟು, 25 ಉಳಿಯಿತು ಎನ್ನುತ್ತಿದ್ದರು. ಅದೇ ಲೆಕ್ಕವನ್ನು ಪುಸ್ತಕದಲ್ಲಿ ಮಾಡಿಸಿದರೆ ಮತ್ತೆ 35. ಎರಡು ಉತ್ತರ ಬಂದಿದೆಯಲ್ಲ ಎಂದು ಕೇಳಿದಾಗ ಒಬ್ಬ ಹುಡುಗಿ, ‘ಕಡ್ಡಿ ಲೆಕ್ಕ ಬೇರೆ, ಪುಸ್ತಕದ ಲೆಕ್ಕ ಬೇರೆ ಮಿಸ್’ ಎಂದಳು.

ಆಮೇಲೆ ಕಟ್ಟು ಬಿಚ್ಚಿದ ತಕ್ಷಣ ಪುಸ್ತಕದಲ್ಲಿ 5 ಹೊಡೆದು 4 ಬರೆಯುವುದು, ಬಿಡಿಯ 2ನ್ನು 12 ಮಾಡುವುದು ಎಂದು ಕೈಯ ಕೆಲಸ ಮತ್ತು ಬರಹವನ್ನು ಜೊತೆಜೊತೆಗೆ ಮಾಡಿಸಿದೆ. ಎರಡಂಕಿಯ ಲೆಕ್ಕದಲ್ಲಿ ಬಹುಪಾಲು ಮಕ್ಕಳು ಸರಿಹೋದರು. 402ರಿಂದ 157 ಕಳೆಯುವ ಲೆಕ್ಕ ಬಂದಾಗ ಅವರಲ್ಲೇ ಕೆಲವರು 355 ಎಂದು ಬರೆದರು. ನಡುವೆ ಸೊನ್ನೆ ಬಂದಿತ್ತು, ಬಿಚ್ಚಲು ಹತ್ತರ ಕಟ್ಟೇ ಇರಲಿಲ್ಲ. ನೂರರ ಕಟ್ಟು ಬಿಚ್ಚಿ ಹತ್ತರ ಕಟ್ಟು ಮಾಡಿಕೊಂಡು, ಅದರಲ್ಲೊಂದನ್ನು ಮತ್ತೆ ಬಿಚ್ಚಬೇಕಾದ ಕಡೆ ಹಳೆಯ ರೀತಿಯೇ ಮರಳಿತ್ತು.

ಎಸ್‌ಒಪಿಯಲ್ಲಿ ಇಷ್ಟನ್ನೂ ಬರೆದು, ಸೊನ್ನೆಯಲ್ಲಿ ಸೋತದ್ದನ್ನೂ ಸೇರಿಸಿದೆ. ಕಡ್ಡಿಯಲ್ಲಿ ಅರ್ಥವಾದದ್ದು ಅಂಕಿಗೆ ದಾಟುವುದು ಯಾವಾಗ, ದಾಟದೆ ಉಳಿಯುವುದು ಏಕೆ ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟಿತು. ಕರಡು ನೋಡಿದ ಹಿರಿಯ ಸಹೋದ್ಯೋಗಿಯೊಬ್ಬರು, ‘ಸೋತದ್ದನ್ನು ಯಾಕೆ ಹೇಳ್ತೀರಿ ಮೇಡಂ, ಎಲ್ಲ ಸರಿಹೋಯಿತು ಅಂತ ಮುಗಿಸಿ’ ಎಂದಿದ್ದರು. ಎಲ್ಲ ಸರಿಹೋಗಿದ್ದರೆ ಎರಡು ವರ್ಷ ಓದುವ ಅಗತ್ಯವೇನು? ತರಗತಿಯ ಯಾವ ಗಂಟು ನನ್ನ ಕೈಯಲ್ಲಿ ಬಿಚ್ಚಲಿಲ್ಲವೋ ಅದೇ ಓದಲು ಕಾರಣ.

ಪ್ರಶ್ನೆ ಸಿಕ್ಕಿದ ಮೇಲೆ ‘ಈ ವಿಶ್ವವಿದ್ಯಾಲಯವೇ ಏಕೆ’ ಎಂಬ ಭಾಗ ಹಗುರಾಯಿತು. ಪಠ್ಯಕ್ರಮ ತೆರೆದು ನನ್ನ ಪ್ರಶ್ನೆಗೆ ತಾಗುವ ಎರಡೇ ಕೋರ್ಸು ಹುಡುಕಿದೆ: ಗಣಿತ ಬೋಧನೆಯದೊಂದು, ಮಕ್ಕಳ ಕಲಿಕೆ ಕುರಿತದ್ದೊಂದು. ಯಾವುದರಿಂದ ಏನು ಬೇಕೆಂದು ಒಂದೊಂದು ಸಾಲು ಬರೆದೆ. ಸಂಸ್ಥೆಯ ಹೊಗಳಿಕೆಗೆ ಜಾಗ ಕೊಡಲಿಲ್ಲ. ಓದದ ಪಂಡಿತರ ಹೆಸರನ್ನೂ ಸೇರಿಸಲಿಲ್ಲ. ಪಿಯಾಜೆ, ವೈಗೋಟ್‌ಸ್ಕಿ ಎಂದು ಬರೆದರೆ ಸಂದರ್ಶನದಲ್ಲಿ ಅವರ ಬಗ್ಗೆಯೇ ಕೇಳುತ್ತಾರೆ. ಕಳೆಯುವಲ್ಲಿ ಮಕ್ಕಳು ಮಾಡುವ ಇಂಥ ಕ್ರಮಬದ್ಧ ತಪ್ಪುಗಳನ್ನು ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲೇ ವಿಶ್ಲೇಷಿಸಿದ್ದರು ಎಂಬುದು ನನಗೆ ಗೊತ್ತಾದದ್ದು ಕೋರ್ಸಿಗೆ ಸೇರಿದ ಮೇಲೆ. ಅರ್ಜಿಗೆ ಪ್ರಶ್ನೆ ಸಾಕಾಗಿತ್ತು.

ಮುಂದೆ ಏನು ಮಾಡುತ್ತೀರಿ ಎಂಬ ಕೊನೆಯ ಭಾಗಕ್ಕೂ ಇದೇ ಅಳತೆ. ‘ಶಿಕ್ಷಣ ವ್ಯವಸ್ಥೆಯನ್ನು ಬದಲಿಸುತ್ತೇನೆ’ ಎಂದವರನ್ನು ಯಾವುದರಿಂದ ಶುರುಮಾಡುತ್ತೀರಿ ಎಂದು ಕೇಳಿದರೆ ಉತ್ತರ ಬೇಕಲ್ಲ. ನಮ್ಮ ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಶಿಕ್ಷಕರು ಮಕ್ಕಳ ತಪ್ಪು ಲೆಕ್ಕಗಳನ್ನೇ ತಂದಿಟ್ಟುಕೊಂಡು ಕೂರುವಂತೆ ಮಾಡಬೇಕು, ಮುಂದೆ ಡಯಟ್‌ನಲ್ಲಿ ಗಣಿತ ತರಬೇತಿಯ ಕೆಲಸ ಮಾಡಬೇಕು ಎಂದು ನಾನು ಬರೆದಿದ್ದೆ. ಸಣ್ಣದಾಗಿದ್ದರೂ ಪ್ರಶ್ನೆಗೆ ಹೊಂದುತ್ತಿತ್ತು.

ಇಂಗ್ಲಿಷಿನ ಅಂಜಿಕೆ ಇರುವವರಿಗೆ ಒಂದು ಮಾತು. ತರಗತಿಯ ಪ್ರಸಂಗವನ್ನು ಮೊದಲು ಕನ್ನಡದಲ್ಲೇ ಬರೆಯಿರಿ, ಮಗು ಆಡಿದ ಮಾತನ್ನು ಆಡಿದ ಹಾಗೆಯೇ ಇಡಿ. ನೇರವಾಗಿ ಇಂಗ್ಲಿಷಿಗೆ ಕೈಹಾಕಿದರೆ ತರಬೇತಿ ಕೈಪಿಡಿಯ ವಾಕ್ಯಗಳು ಬಂದು ಕೂರುತ್ತವೆ. ‘ಚಟುವಟಿಕೆ ಆಧಾರಿತ ಕಲಿಕೆಯನ್ನು ಅಳವಡಿಸಿದೆ’ ಎಂಬ ಸಾಲು ಹಾಗೆ ಬಂದದ್ದು. ‘ಕಟ್ಟು ಬಿಚ್ಚಿದರು, 25 ಎಂದರು, ಪುಸ್ತಕದಲ್ಲಿ 35 ಬರೆದರು’ ಎಂಬುದನ್ನು ಸರಳ ಇಂಗ್ಲಿಷಿನಲ್ಲಿ ಹೇಳಲು ದೊಡ್ಡ ಪದಸಂಪತ್ತು ಬೇಕಿಲ್ಲ. ಮಕ್ಕಳ ಹೆಸರು, ಶಾಲೆಯ ಮೇಲಿನ ದೂರು ಎರಡನ್ನೂ ಬಿಡಿ.

ಸಂದರ್ಶನದಲ್ಲಿ ನನ್ನನ್ನು ಹೆಚ್ಚು ಕೇಳಿದ್ದು ಆ ಲೆಕ್ಕದ ಬಗ್ಗೆಯೇ. ಸರಿಹೋದ ಮಕ್ಕಳಿಗೆ ಅರ್ಥವಾಗಿತ್ತೇ, ಇಲ್ಲ ಹೊಡೆದು ಬರೆಯುವುದಷ್ಟೇ ರೂಢಿಯಾಗಿತ್ತೇ, ನಿಮಗೆ ಹೇಗೆ ತಿಳಿಯಿತು ಎಂದರು. 402ರ ಲೆಕ್ಕವನ್ನೇ ಉದಾಹರಣೆ ಕೊಟ್ಟು, ಕೆಲವರಿಗೆ ರೂಢಿ ಮಾತ್ರ ಆಗಿರಬೇಕು ಎಂದೆ. ನೀವು ಬರೆದುಕೊಟ್ಟ ಎಸ್‌ಒಪಿಯೇ ಸಂದರ್ಶನದ ಪ್ರಶ್ನೆಪತ್ರಿಕೆ. ಆದ್ದರಿಂದ ಅಂತರ್ಜಾಲದ ಮಾದರಿಗಳನ್ನು ಪಕ್ಕಕ್ಕಿಟ್ಟು, ಅರ್ಜಿಯ ಕೊನೆಯ ದಿನಕ್ಕೆ ಒಂದೆರಡು ತಿಂಗಳು ಮೊದಲೇ ನಿಮ್ಮ ಮಕ್ಕಳ ನೋಟ್‌ಬುಕ್ಕುಗಳನ್ನು ಮುಂದಿಟ್ಟುಕೊಂಡು ಕೂರಿ. ಬರೆಯಬೇಕಾದ್ದು ಅಲ್ಲೇ ಇದೆ.